ನಿವೃತ್ತರ ವಾಕಿಂಗ್ ಗುಂಪಿನೊಟ್ಟಿಗೆ ನಡೀಲಿಕ್ಕೆ ಆಗ್ತದೆ, ಮಾತಿಗೆ ಸೇರ್ಲಿಕ್ಕೆ ಆಗ್ತಾ ಇಲ್ಲ

ಕೂಡ್ಲು ಕ್ರಾಸ್

ವಯಸ್ಸು 34. ಬೆಂಗಳೂರಿನ ಕಂಪೆನಿಯ ಕೆಲಸ, ಮನೆಯಿಂದಲೇ. ಕಾಸರಗೋಡಿನ ವಿದ್ಯಾನಗರದ ಕಡೆ ಒಂದು ಮೈದಾನದಲ್ಲಿ ಬೆಳಿಗ್ಗೆ ನಡೆಯುವ ಗುಂಪಿಗೆ ಸೇರಿ ಇವತ್ತಿಗೆ ಹನ್ನೆರಡು ದಿನ. ಎಂಟು ಜನ: ಮೂವರು ಮಾಷ್ಟ್ರುಗಳು, ಒಬ್ಬರು ಟೀಚರ್, ಇಬ್ಬರು ಬ್ಯಾಂಕಿನವರು, ಒಬ್ಬರು ವಿಲೇಜ್ ಆಫೀಸಿನವರು, ಒಬ್ಬರು ಗಲ್ಫಿನಿಂದ ಬಂದು ನೆಲೆಸಿದವರು. ಚಿಕ್ಕವರಿಗೆ 57, ಹಿರಿಯರಿಗೆ 78. 5.50ಕ್ಕೆ ಸುರು, 6.50ಕ್ಕೆ ಗೇಟಿನ ಎದುರಿನ ಚಾಯದ ಅಂಗಡಿ.

ಯಾರೂ ಬೇಡ ಅನ್ನಲಿಲ್ಲ. ಆದರೆ ನಾನು ಏನಾದರೂ ಹೇಳಿದರೆ ಅದು ಬಿದ್ದಲ್ಲೇ ಬಿದ್ದಿರ್ತದೆ. ಹೇಳಬೇಕಾದ್ದು ಹೊಳೆಯುವಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿರ್ತಾರೆ. ಒಬ್ಬ ಮಾಷ್ಟ್ರಂತೂ ನಾನು ಏನು ಹೇಳಿದರೂ ನಗ್ತಾರೆ, ಉತ್ತರ ಬೇರೇನೋ ಕೊಡ್ತಾರೆ. ನನ್ನ ಒಂದು ಸುತ್ತಿಗೆ ನಾಲ್ಕು ನಿಮಿಷ ಸಾಕು, ಅವರಿಗೆ ಐದೂವರೆ ಬೇಕು. ಅರ್ಧ ಹೊತ್ತು ಕ್ಷಾಮಾಶ್ವಾಸ, ಕುಡಿಶ್ಶಿಕೆ ಅಂತ ಮಾತು, ಅದರ ತಲೆಬುಡ ಗೊತ್ತಿಲ್ಲ. ಏನು ಮಾಡುವುದು?

ಬೇಕಲ ಗಾಳಿ

ಐದೂವರೆ ನಿಮಿಷಕ್ಕೆ ಒಂದು ಸುತ್ತು ಅಂದ್ರೆ ಬೊಜ್ಜು ಕರಗುವುದಿಲ್ಲ. ಗುಂಪು ಬಿಡಿ, ಇಯರ್‌ಫೋನ್ ಹಾಕಿ ಒಬ್ಬರೇ ಹೋಗಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ರಾತ್ರಿ ಅನ್ನ ಬಿಟ್ಟು ರಾಗಿ ತಿನ್ನಿ.

ಕೂಡ್ಲು ಕ್ರಾಸ್

ಬೊಜ್ಜಿನ ವಿಷಯ ಅಲ್ಲ ಮಾರಾಯ್ರೆ. ಇಡೀ ದಿನ ಲ್ಯಾಪ್‌ಟಾಪಿನ ಎದುರು ಕೂತವನಿಗೆ ನಾಲ್ಕು ಜನರ ಮಾತು ಬೇಕು. ಅದಕ್ಕೇ ಈ ಗುಂಪು.

ಹಾಜರಿ ಪುಸ್ತಕ

ಮೊದಲು ನಿಮ್ಮ ಕಾಲಿನಿಂದ ಸುರು ಮಾಡುವ. ವೇಗ ಇರುವವರು ನಿಧಾನದವರೊಟ್ಟಿಗೆ ನಡೆದರೆ ಗೊತ್ತಿಲ್ಲದೆಯೇ ಅರ್ಧ ಹೆಜ್ಜೆ ಮುಂದೆ ಇರ್ತಾರೆ. ಮಾತು ಬಾಯಿಯಿಂದ ಮುಂದಕ್ಕೆ ಹೋಗುವಂಥದ್ದು. ನೀವು ಅರ್ಧ ಹೆಜ್ಜೆ ಮುಂದೆ ಇದ್ದು ಹೇಳಿದ್ದು ಮೈದಾನಕ್ಕೆ ಕೇಳ್ತದೆ, ಪಕ್ಕದವರಿಗಲ್ಲ. ಅವರು ಹೇಳಿದ್ದು ನಿಮ್ಮ ಬೆನ್ನಿಗೆ ಬರ್ತದೆ, ನಿಮಗೆ ಸರಿಯಾಗಿ ಕೇಳ್ತದೆ. ಅದರಿಂದಾಗಿ ನಿಮಗೆ ಎಲ್ಲವೂ ಸರಿ ಉಂಟು ಅಂತ ಕಾಣ್ತದೆ. ನಾಳೆ ಪಕ್ಕದವರ ಭುಜ ನೋಡಿ. ನಿಮ್ಮ ಭುಜ ಅವರದ್ದಕ್ಕಿಂತ ಮುಂದೆ ಇದ್ದರೆ ಇದೇ ಕಾರಣ. ಒಂದು ಅಂಗೈ ಅಗಲದಷ್ಟು ಹಿಂದೆ ಉಳಿಯಿರಿ.

ನಿಮ್ಮ ವೇಗದ ಹಸಿವು ಬೇರೆ ಕಡೆ ತೀರಬೇಕು. ಸುತ್ತು 400 ಮೀಟರ್ ಅಂತ ಇಟ್ಟುಕೊಂಡರೆ ನಿಮ್ಮದು ಗಂಟೆಗೆ ಆರು ಕಿಲೋಮೀಟರ್, ಅವರದ್ದು ನಾಲ್ಕೂಕಾಲು ನಾಲ್ಕೂವರೆ. 5.25ಕ್ಕೆ ಬಂದು ಒಬ್ಬರೇ ಐದು ಸುತ್ತು ಹೊಡೆಯಿರಿ, ಇಪ್ಪತ್ತು ನಿಮಿಷ. ಐದು ನಿಮಿಷ ನೀರು, ದಮ್ಮು. ಆಮೇಲೆ ಗುಂಪು. ದಣಿದ ಕಾಲು ತಾನಾಗಿ ಅವರ ಹೆಜ್ಜೆಗೆ ಇಳೀತದೆ. ಗುಂಪಿನ ನಡುವೆ ಬಿಟ್ಟು ಓಡಿ, ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ಸೇರುವುದು ಮಾತ್ರ ಬೇಡ. ಪ್ರತಿ ಸಲ ಮಾತು ನಿಂತು "ಓ ಬಂದ್ರಾ" ಅಂತ ಆಗ್ತದೆ, ಮುರಿದ ಮಾತು ಮತ್ತೆ ಅದೇ ಜಾಗದಿಂದ ಹೊರಡುವುದಿಲ್ಲ.

ಮತ್ತೆ ಜಾಗ. ಮೂವರ ಸಾಲಿನಲ್ಲಿ ಮಾತಿನ ಕೀಲಿಕೈ ನಡುವಿನವರ ಹತ್ತಿರ. ಅವರು ಆಚೆ ತಿರುಗಿದರೆ ಅಂಚಿನವನಿಗೆ ಕಿವಿಯ ಹಿಂಬದಿ ಮಾತ್ರ. ನೀವು ಹನ್ನೆರಡು ದಿನದಿಂದ ಅಂಚಿನಲ್ಲೇ ಇರಬೇಕು, ಹೌದಾ?

ಕೂಡ್ಲು ಕ್ರಾಸ್

ಹೌದು. ಕೊನೆಯ ಸಾಲಿನ ಎಡ ಅಂಚು. ನಡುವೆ ಹೋಗಿ ನುಗ್ಗಲಿಕ್ಕೆ ಮುಜುಗರ.

ಹಾಜರಿ ಪುಸ್ತಕ

ನುಗ್ಗಲಿಕ್ಕಿಲ್ಲ. ಸಾಲು ತಾನಾಗಿ ಒಡೆಯುವ ಜಾಗಗಳು ಪ್ರತಿ ಸುತ್ತಿನಲ್ಲೂ ಇರ್ತವೆ. ಗೇಟು, ನೀರು ನಿಂತ ಜಾಗ, ಯಾರೋ ಅಡ್ಡ ನಿಲ್ಲಿಸಿದ ಬೈಕು, ಚೆಂಡು ಆಡುವ ಮಕ್ಕಳು. ಅಲ್ಲಿ ಮೂವರ ಸಾಲು ಒಬ್ಬೊಬ್ಬರಾಗಿ ದಾಟಿ ಆಚೆ ಮತ್ತೆ ಕಟ್ಟಿಕೊಳ್ತದೆ. ಹೊಸಬರು ಮರ್ಯಾದೆಗೆ "ನೀವು ಹೋಗಿ ಮಾಷ್ಟ್ರೇ" ಅಂತ ಎಲ್ಲರನ್ನೂ ಮುಂದೆ ಬಿಡ್ತಾರೆ, ಹಾಗಾಗಿ ಪ್ರತಿ ಸಲ ಕೊನೆಗೇ ಉಳೀತಾರೆ. ಒಬ್ಬರನ್ನು ಮುಂದೆ ಬಿಟ್ಟು ಎರಡನೆಯವರಾಗಿ ದಾಟಿ. ಆಚೆ ಸಾಲು ಕಟ್ಟುವಾಗ ನೀವು ನಡುವೆ ಇರ್ತೀರಿ. ಯಾರಿಗೂ ಅದು ನುಗ್ಗಿದ ಹಾಗೆ ಕಾಣುವುದಿಲ್ಲ.

ಶಿರಿಬಾಗಿಲು ಬಸ್ಸು

ನಗುವ ಮಾಷ್ಟ್ರಿಗೆ ಕಿವಿ ಮಂದ, ಅಷ್ಟೇ. ಹತ್ತಿರ ಹೋಗಿ ಕಿವಿಗೇ ಗಟ್ಟಿಯಾಗಿ ಹೇಳಿ, ಸರಿಯಾಗ್ತದೆ.

ಕಿವಿಯಕ್ಕ

ಮೊದಲರ್ಧ ಸರಿ, ಕೊನೆಯರ್ಧ ತಪ್ಪು. ಶ್ರವಣ ಪರೀಕ್ಷೆಯ ಕೆಲಸದವಳಾಗಿ ಹೇಳ್ತೇನೆ.

ಪ್ರಾಯಕ್ಕೆ ಬರುವ ಕಿವಿ ಮಂದದಲ್ಲಿ ಎಲ್ಲ ಶಬ್ದವೂ ಒಟ್ಟಿಗೆ ಕಡಿಮೆಯಾಗುವುದಿಲ್ಲ. ಮೊದಲು ಹೋಗುವುದು ಸಣ್ಣ, ಚೂಪು ಶಬ್ದಗಳು: ಸ, ಶ, ಚ, ತ, ಕ, ಪ. ಸ್ವರಗಳು ಕೇಳ್ತಾ ಇರ್ತವೆ. ಅವರಿಗೆ ನೀವು ಮಾತಾಡಿದ್ದು ಗೊತ್ತಾಗ್ತದೆ, ಏನು ಮಾತಾಡಿದ್ದು ಅಂತ ಗೊತ್ತಾಗುವುದಿಲ್ಲ. "ಕಾಸು", "ಚಾಪು", "ತಾಸು" ಮೂರೂ ಒಂದೇ ಹಾಗೆ. ನೀವು ಕೂಗಿದರೆ ಜೋರಾಗುವುದು ಸ್ವರ, ಅದು ಅವರಿಗೆ ಮೊದಲೇ ಕೇಳ್ತಾ ಇತ್ತು. ಬೇಕಾದದ್ದು ಕೇಳುವುದೇ ಇಲ್ಲ, ಮೇಲಿಂದ ಕಿವಿ ಚುಚ್ಚಿದ ಹಾಗೆ ಆಗ್ತದೆ, ಎಂಟು ಜನರ ಎದುರು ಅವಮಾನ ಬೇರೆ. ಅದಕ್ಕೇ ನಗ್ತಾರೆ. ನಗೆ ಅಂದ್ರೆ "ಕೇಳಲಿಲ್ಲ, ಮತ್ತೆ ಕೇಳ್ಲಿಕ್ಕೆ ನಾಚಿಕೆ" ಅಂತ ಅರ್ಥ.

ಇವರಿಗೆ ತುಟಿಯ ಆಧಾರ ಬೇಕು. ನಡೆಯುವಾಗ ಇಬ್ಬರೂ ಮುಂದೆ ನೋಡ್ತಾರೆ, ಆ ಆಧಾರ ತಪ್ಪಿಹೋಗ್ತದೆ. ಹಾಗಾಗಿ ಮುಖ್ಯವಾದ ಮಾತನ್ನು ನಿಲ್ಲುವ ಜಾಗಕ್ಕೆ ಇಡಿ: ಚಪ್ಪಲಿ ಬಿಡಿಸಿಕೊಳ್ಳುವ ಬೆಂಚು, ಚಾಯದ ಅಂಗಡಿ. ನಡೆಯುವಾಗ ಹೇಳಲೇಬೇಕಾದರೆ ಮೊದಲು "ಮಾಷ್ಟ್ರೇ" ಅಂತ ಕರೆಯಿರಿ, ಅವರು ತಿರುಗಿದ ಮೇಲೆ ವಿಷಯದ ಹೆಸರು ಒಂದೇ ಶಬ್ದದಲ್ಲಿ ಹೇಳಿ, "ಅಡಿಕೆ ರೇಟು", ಆಮೇಲೆ ನಿಧಾನವಾಗಿ ವಾಕ್ಯ. ವಿಷಯ ಯಾವುದೆಂದು ತಿಳಿದರೆ ಬಾಕಿ ಅರ್ಧವನ್ನು ಮೆದುಳು ತುಂಬಿಸಿಕೊಳ್ತದೆ. ಕೇಳಲಿಲ್ಲ ಅಂದರೆ ಅದೇ ವಾಕ್ಯವನ್ನು ಮೂರು ಸಲ ಹೇಳ್ಬೇಡಿ, ಬೇರೆ ಶಬ್ದದಲ್ಲಿ ಹೇಳಿ.

ಕೂಡ್ಲು ಕ್ರಾಸ್

ಒಳ್ಳೆಯ ಕಿವಿ ಯಾವುದು ಅಂತ ತಿಳಿಯುವುದು ಹೇಗೆ? ಕೇಳಿದರೆ ಬೇಸರ ಆಗಬಹುದು.

ಕಿವಿಯಕ್ಕ

ಫೋನು ಬಂದಾಗ ಯಾವ ಕಿವಿಗೆ ಇಡ್ತಾರೆ ನೋಡಿ. ಸಾಲಿನಲ್ಲಿ ಯಾವಾಗಲೂ ಒಂದೇ ಬದಿ ಹಿಡಿಯುವವರು ಕೂಡ ಒಳ್ಳೆಯ ಕಿವಿಯನ್ನು ಗುಂಪಿನ ಕಡೆಗೆ ಇಟ್ಟುಕೊಂಡವರೇ. ಆದರೆ ಪ್ರಾಯದ ಮಂದ ಸಾಮಾನ್ಯವಾಗಿ ಎರಡೂ ಕಿವಿಗೆ ಹೆಚ್ಚುಕಡಿಮೆ ಸಮ. ಹಾಗಾದರೆ ಬದಿ ಬದಲಿಸಿ ಲಾಭ ಇಲ್ಲ. "ಮೊನ್ನೆಯಿಂದ ಒಂದು ಕಿವಿ ಮುಚ್ಚಿದ ಹಾಗೆ ಉಂಟು" ಅಂತ ಯಾರಾದರೂ ಹೇಳಿದರೆ ಅದು ಪ್ರಾಯದ್ದಲ್ಲ. ಅದೇ ದಿನ ಕಿವಿ ಡಾಕ್ಟರ ಹತ್ತಿರ ಹೋಗ್ಲಿಕ್ಕೆ ಹೇಳಿ, ವಾರ ಕಾದರೆ ಮದ್ದು ಹಿಡಿಯುವ ಸಾಧ್ಯತೆ ಕಡಿಮೆಯಾಗ್ತಾ ಹೋಗ್ತದೆ.

ಕಿವಿಯ ಮಿಷನ್ ಇದ್ದರೂ ಬೆಳಿಗ್ಗೆ ಹಾಕುವುದಿಲ್ಲ ತುಂಬ ಜನ. ಬೆವರಿನ ಹೆದರಿಕೆ, ಬೀಳುವ ಹೆದರಿಕೆ. ಹಾಕಿದವರಿಗೂ ಮೈಕಿಗೆ ಗಾಳಿ ಹೊಡೆದು ಬುಸ್ ಅಂತ ಕೇಳ್ತದೆ.

ಟ್ರೆಷರಿ ಕ್ಯೂ

ಕಿವಿ ಆಯ್ತು, ಇನ್ನು ವಿಷಯಕ್ಕೆ ಬರುವ. ಕ್ಷಾಮಾಶ್ವಾಸ ಅಂದರೆ ಪೆನ್ಶನಿನ ಮೇಲೆ ಸಿಗುವ ಬೆಲೆಯೇರಿಕೆಯ ಪಾಲು. ನೌಕರಿಯಲ್ಲಿರುವವರಿಗೆ ಸಿಗುವುದು ಕ್ಷಾಮಬತ್ತೆ, ಬಾಯಿಮಾತಿನಲ್ಲಿ ಎರಡಕ್ಕೂ ಡಿ.ಎ. ಅಂತಲೇ. ಕುಡಿಶ್ಶಿಕೆ ಅಂದರೆ ಬಾಕಿ. ಕಂತು ಘೋಷಣೆ ಆದರೂ ಹಿಂದಿನ ತಿಂಗಳುಗಳ ಹಣ ಯಾವಾಗ ಬರ್ತದೆ ಅಂತ ಇರುವುದಿಲ್ಲ, ಅದೇ ಚರ್ಚೆ. ಶಬ್ದ ಮಲಯಾಳದ್ದು, ಯಾಕಂದ್ರೆ ಸರಕಾರಿ ಆದೇಶ ಬರುವುದು ಆ ಭಾಷೆಯಲ್ಲಿ. ಕನ್ನಡ ಮಾಷ್ಟ್ರುಗಳೂ ಪೆನ್ಶನ್ ಮಾತಿನಲ್ಲಿ ಆ ಶಬ್ದಗಳನ್ನೇ ಹೇಳ್ತಾರೆ.

ನಿಮ್ಮ ಎಂಟು ಜನರ ಪೆನ್ಶನ್ ಒಂದೇ ಅಲ್ಲ ಅಂತ ತಿಳಿದರೆ ಅರ್ಧ ಜಗಳ ಅರ್ಥವಾಗ್ತದೆ. ಮಾಷ್ಟ್ರುಗಳಿಗೆ, ವಿಲೇಜ್ ಆಫೀಸಿನವರಿಗೆ ರಾಜ್ಯ ಸರಕಾರದ್ದು, ಕಳೆದ ಪರಿಷ್ಕರಣೆ 2019ರ ಜುಲೈ 1ರಿಂದ ಲೆಕ್ಕ. ಬ್ಯಾಂಕಿನವರಿಗೆ ನಿವೃತ್ತಿಯ ದಿನದ ಮೂಲ ಪೆನ್ಶನ್ ಹಾಗೇ ನಿಂತಿರ್ತದೆ, ಅದನ್ನು ಹೊಸ ಸಂಬಳಕ್ಕೆ ಹೊಂದಿಸಿ ಅಂತ ಅವರ ಹಳೆಯ ಬೇಡಿಕೆ. ಗಲ್ಫಿನವರಿಗೆ ಎರಡೂ ಇಲ್ಲ, ಅವರು ಆ ಹೊತ್ತಿಗೆ ಸುಮ್ಮನಿರ್ತಾರೆ ನೋಡಿ. ಪೆನ್ಶನ್ ಮಾತು ಸುರುವಾದಾಗ ನಿಮಗೆ ಜೋಡಿಯಾಗಿ ಸಿಗುವವರು ಅವರೇ.

ಒಂದು ವಾಕ್ಯ ಮಾತ್ರ ಹೇಳ್ಬೇಡಿ: "ನಿಮಗಾದ್ರೂ ಪೆನ್ಶನ್ ಉಂಟು, ನಮಗೆ ಅದೂ ಇಲ್ಲ." ಕೇರಳದಲ್ಲಿ 2013ರ ಏಪ್ರಿಲ್ 1ರಿಂದ ಸರಕಾರಿ ಕೆಲಸಕ್ಕೆ ಸೇರಿದವರಿಗೆ ಹಳೇ ಪೆನ್ಶನ್ ಇಲ್ಲ, ಪಾಲು ಕಟ್ಟುವ ಪದ್ಧತಿ. ಅವರ ಮನೆಯಲ್ಲೇ ಮಗನೋ ಸೊಸೆಯೋ ಹಾಗಿರ್ತಾರೆ. ನೀವು ಹೇಳಿದ್ದು ನಿಜವೇ, ಆದರೆ ಮಾತು ಅಲ್ಲಿಗೆ ಸತ್ತುಹೋಗ್ತದೆ. ಅದರ ಬದಲು ಲೆಕ್ಕ ಕೇಳಿ. "ಎಷ್ಟು ಕಂತು ಬಾಕಿ ಮಾಷ್ಟ್ರೇ?" ಅಂದರೆ ಸಾಕು, ಒಂದೂವರೆ ಸುತ್ತು ಅವರೇ ಹೇಳ್ತಾರೆ.

ಪೆರ್ಲ ಘಾಟಿ

ಲೆಕ್ಕ ಕೇಳುವುದಕ್ಕಿಂತ ಊರು ಕೇಳುವುದು ಒಳ್ಳೆಯದು. ಮಾಷ್ಟ್ರುಗಳಿಗೆ "ಏನು ಕೆಲಸದಲ್ಲಿದ್ರಿ" ಅಂತಲ್ಲ, "ಯಾವ ಶಾಲೆಯಲ್ಲಿ, ಎಷ್ಟು ವರ್ಷ" ಅಂತ. ಆದೂರು, ಮುಳ್ಳೇರಿಯ, ಬಂದಡ್ಕ ಅಂತ ವರ್ಗಾವಣೆಯ ಸರಣಿ ಹೊರಡ್ತದೆ. ಅದರಲ್ಲಿ ಒಂದು ಊರು ನಿಮಗೆ ಗೊತ್ತಿದ್ದದ್ದು ಇದ್ದೇ ಇರ್ತದೆ, ನಿಮ್ಮ ಎಳೆ ಅಲ್ಲಿ ಸಿಕ್ಕಿಸಿ. ನಿಮ್ಮನ್ನೂ "ಮನೆ ಎಲ್ಲಿ, ಯಾರ ಮಗ" ಅಂತ ಕೇಳ್ತಾರೆ, ತರವಾಡೋ ಮನೆತನವೋ ಹೇಳಿ ಮುಗಿಸಿ. ಅದು ತನಿಖೆಯಲ್ಲ, ನಿಮ್ಮನ್ನು ಎಲ್ಲಿ ಕೂರಿಸುವುದು ಅಂತ ಜಾಗ ಹುಡುಕುವುದು.

ಒಂದೇ ಕತೆ ಮೂರನೇ ಸಲ ಬರ್ತದೆ, ಖಂಡಿತ. "ಮೊನ್ನೆ ಹೇಳಿದ್ರಿ" ಅನ್ನಬೇಡಿ. ಕತೆಯ ಬದಿಗೆ ಒಂದು ಪ್ರಶ್ನೆ ಹಾಕಿ: "ಆಗ ಬಸ್ಸು ಎಲ್ಲಿವರೆಗೆ ಇತ್ತು?" ಹಳೇ ಕತೆಯಿಂದ ಹೊಸ ಕವಲು ಹೊರಡ್ತದೆ, ಉಳಿದ ಏಳು ಜನರಿಗೂ ಅದು ಹೊಸತೇ.

ಮತ್ತೆ 1956ರ ನವೆಂಬರ್ 1, ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ್ ವರದಿ 1967ರಲ್ಲಿ ಹೇಳಿದ್ದು, ಅದು ಜಾರಿಯಾಗದೇ ಹೋದದ್ದು. 78ರವರಿಗೆ ಅದು ಪುಸ್ತಕದ ವಿಷಯ ಅಲ್ಲ, ಕಣ್ಣಾರೆ ನೋಡಿದ್ದು. ಅಲ್ಲಿ ಕೇಳುವವರಾಗಿ ಇರಿ. "ಈಗ ಅದೆಲ್ಲ ಯಾಕೆ" ಅನ್ನುವ ಹಕ್ಕು ಬರ್ಲಿಕ್ಕೆ ತುಂಬ ವರ್ಷ ಬೇಕು.

ಶಿರಿಬಾಗಿಲು ಬಸ್ಸು

ಮಲಯಾಳ, ತುಳು ಬಾರದಿದ್ದರೆ? ನಗೆಮಾತೆಲ್ಲ ತುಳುವಿನಲ್ಲೇ ಅಲ್ವಾ.

ಪೆರ್ಲ ಘಾಟಿ

ಅರ್ಥವಾಗಿ ಕನ್ನಡದಲ್ಲಿ ಉತ್ತರ ಕೊಟ್ಟರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಅರೆಬರೆ ತುಳುವಿನಲ್ಲಿ ನಗೆಮಾತು ಹೇಳ್ಲಿಕ್ಕೆ ಹೋಗುವುದು ಬೇಡ, ನಗೆ ಬೇರೆ ಕಡೆಗೆ ತಿರುಗ್ತದೆ.

ಹಾಜರಿ ಪುಸ್ತಕ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ತಪ್ಪು ತುಳು ಹೇಳಿ ನಗಿಸಿಕೊಂಡವರು ಬೇಗ ಒಳಗೆ ಬರ್ತಾರೆ. ಕರೆಯುವ ಶಬ್ದದಲ್ಲಿ ಮಾತ್ರ ತಪ್ಪಬಾರದು. "ಅಂಕಲ್" ಅಂದರೆ ನೀವು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಅಷ್ಟೇ. ಮಾಷ್ಟ್ರೇ, ಟೀಚರ್, ಭಟ್ರೇ, ರೈಗಳೇ. ಗಲ್ಫಿನವರನ್ನು ಉಳಿದವರು "ಇಚ್ಚ" ಅಂತ ಕರೀತಾರಾದರೆ ನೀವೂ ಹಾಗೇ. ಟೀಚರನ್ನು "ಅಕ್ಕ" ಅನ್ನುವುದು ಅವರು ಹೇಳಿದ ಮೇಲೆ.

ಉಪ್ಪಳ ಗೇಟ್

ಇಷ್ಟೆಲ್ಲ ಬೇಕಾ? ನನಗೆ ಎರಡೇ ದಿನದಲ್ಲಿ ಆಯ್ತು, ಎಲ್ಲರ ಮೊಬೈಲ್ ಸರಿ ಮಾಡಿಕೊಟ್ಟೆ. ಈಗ ನನ್ನನ್ನು ಬಿಡುವುದಿಲ್ಲ. ಪೆನ್ಶನರು ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ, ಜೀವನ್ ಪ್ರಮಾಣ್, ಅದನ್ನು ಕೂಡ ನಾನೇ ಮಾಡಿಕೊಡುವುದು.

ಟ್ರೆಷರಿ ಕ್ಯೂ

ಅದರಲ್ಲಿ ಜಾಗ್ರತೆ. ಆ ಕೆಲಸ ಆಗ್ತದೆ, ಆದರೆ ಸರಿಯಾಗಿ ಮಾಡ್ಬೇಕು. ಎರಡು ಆ್ಯಪ್ ಬೇಕು, `AadhaarFaceRD` ಮತ್ತು `Jeevan Pramaan`. ಮೊದಲು ಫೋನಿನವರೇ ಆಪರೇಟರ್ ಅಂತ ತಮ್ಮ ಆಧಾರ್ ಮತ್ತು ಮುಖ ಕೊಟ್ಟು ದಾಖಲಾಗಬೇಕು, ಅಂದರೆ ನಿಮ್ಮ ಹೆಸರು ಅಲ್ಲಿ ಉಳೀತದೆ. ಆಮೇಲೆ ಪೆನ್ಶನರ ಆಧಾರ್, ಮೊಬೈಲಿಗೆ ಬಂದ ಓಟಿಪಿ, ಪೆನ್ಶನ್ ಆದೇಶದ ಪಿ.ಪಿ.ಓ. ಸಂಖ್ಯೆ, ಖಾತೆ ಸಂಖ್ಯೆ, ಹಣ ಕೊಡುವ ಕಚೇರಿ. ಕೆಡುವುದು ಈ ಕೊನೆಯದರಲ್ಲಿ. ಟ್ರೆಷರಿಯಿಂದ ಪೆನ್ಶನ್ ಪಡೆಯುವವರಿಗೆ ಬ್ಯಾಂಕು ಆರಿಸಿದರೆ ಪ್ರಮಾಣಪತ್ರ ಹುಟ್ಟಿಕೊಳ್ತದೆ, ಸಂದೇಶವೂ ಬರ್ತದೆ, ಆದರೆ ತಲುಪುವುದು ಬೇರೆ ಕಡೆ. ಪೆನ್ಶನ್ ನಿಂತಾಗ ಗೊತ್ತಾಗುವುದು. ಎರಡು ದಿನ ಬಿಟ್ಟು ಆ ಪ್ರಮಾಣಪತ್ರ ಸ್ವೀಕಾರ ಆಯ್ತಾ ತಿರಸ್ಕಾರವಾ ಅಂತ ನೋಡಲೇಬೇಕು.

ಮೈದಾನದಲ್ಲಿ ಮುಖ ತೆಗೆಯುವುದಾದರೆ ಸೂರ್ಯ ಅವರ ಬೆನ್ನಿಗೆ ಇರಬಾರದು, ಮುಖ ಕಪ್ಪಾಗಿ ಸಿಗುವುದಿಲ್ಲ. ಕನ್ನಡಕ ತೆಗೆಸಿ. ಕಣ್ಣು ಮಿಟುಕಿಸಿ ಅಂತ ಕೇಳ್ತದೆ, ಹೆಚ್ಚಿನವರು ಫೋಟೋ ಅಂತ ಕಣ್ಣು ಅರಳಿಸಿ ನಿಲ್ತಾರೆ, ಅದಕ್ಕೇ ಆಗುವುದಿಲ್ಲ.

ಅವರ ಫೋನು ಅವರ ಕೈಯಲ್ಲೇ ಇರಲಿ, ಓಟಿಪಿ ಅವರೇ ಓದಲಿ. ಬ್ಯಾಂಕಿನ ಆ್ಯಪ್ ಅವರೇ ಕೊಟ್ಟರೂ ನೀವು ಮುಟ್ಟಬೇಡಿ. ಆರು ತಿಂಗಳು ಬಿಟ್ಟು ಖಾತೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಮನೆಯವರಿಗೆ ನೆನಪಾಗುವುದು "ಆ ವಾಕಿಂಗಿನ ಹುಡುಗ".

ಹಾಜರಿ ಪುಸ್ತಕ

ಮೇಲಿಂದ, ಮೊಬೈಲ್ ಮೂಲಕ ಒಳಗೆ ಹೋದವನು ಮೊಬೈಲಿನ ಅಂಗಡಿಯಾಗಿಯೇ ಉಳೀತಾನೆ. ನೀವು ಬಂದ ಕೂಡ್ಲೇ ಮಾತು ನಿಂತು ಮೂರು ಫೋನು ಹೊರಗೆ ಬರ್ತದಾ ನೋಡಿ. ಬಂದರೆ ಅದು ಗುಂಪಿಗೆ ಸೇರಿದ್ದಲ್ಲ. ಫೋನು ಏನಿದ್ದರೂ ಚಾಯ ಕುಡಿದ ಮೇಲೆ, ದಿನಕ್ಕೆ ಒಬ್ಬರದ್ದು.

ಉಪ್ಪಳ ಗೇಟ್

ಅದು ನಿಮ್ಮ ಅಭಿಪ್ರಾಯ. ನನಗೆ ಚಾಯ ಫ್ರೀ ಸಿಗ್ತದೆ.

ಕೂಡ್ಲು ಕ್ರಾಸ್

ಚಾಯದ ವಿಷಯ ನೆನಪಿಸಿದ್ರಿ. ಮೊದಲ ದಿನ ನಾನೇ ಎಲ್ಲರದ್ದೂ ಕೊಟ್ಟೆ. ಒಬ್ಬ ಬ್ಯಾಂಕಿನವರ ಮುಖ ಸ್ವಲ್ಪ ಬಿಗಿಯಾಯ್ತು. ತಪ್ಪಾಯ್ತಾ?

ಹಾಜರಿ ಪುಸ್ತಕ

ಆಯ್ತು. ಎಂಟು ಜನರ ಗುಂಪಿನಲ್ಲಿ ದಿನಕ್ಕೊಬ್ಬರಂತೆ ಸರದಿ ಇರ್ತದೆ, ಬರೆದದ್ದಲ್ಲ, ಆದರೆ ಎಲ್ಲರ ತಲೆಯಲ್ಲೂ ಉಂಟು. ಆ ದಿನ ಬಹುಶಃ ಅವರ ಸರದಿ. ನೀವು ಕೊಟ್ಟಾಗ ಅವರ ಸರದಿ ತಪ್ಪಿತು, ಮರುದಿನದ್ದು ಯಾರದ್ದು ಅಂತ ಗೊಂದಲ. ಸಂಬಳದ ಹುಡುಗ ಪೆನ್ಶನಿನವರಿಗೆ ಕುಡಿಸಿದ ಅಂತ ಬೇರೆ ಕಾಣ್ತದೆ. ಈಗ ಒಂಬತ್ತನೆಯವರಾಗಿ ಸರದಿಯ ತುದಿಗೆ ಸೇರಿ. "ಶುಕ್ರವಾರ ನನ್ನದು" ಅಂತ ಅವರ ಹತ್ತಿರವೇ ಹೇಳಿ, ಮುಖ ಸಡಿಲವಾಗ್ತದೆ.

ದುಡ್ಡಿಗಿಂತ ಬೇಗ ಕೆಲಸ ಮಾಡುವುದು ಆರ್ಡರ್ ನೆನಪಿಟ್ಟುಕೊಳ್ಳುವುದು. ಯಾರಿಗೆ ಸಕ್ಕರೆ ಇಲ್ಲದ ವಿತೌಟ್, ಯಾರಿಗೆ ಹಾಲಿಲ್ಲದ ಕಟ್ಟನ್, ಯಾರಿಗೆ ಹಾಲು ಹೆಚ್ಚು. ನೀವು ಎರಡು ಹೆಜ್ಜೆ ಮುಂದೆ ಹೋಗಿ "ಐದು ಚಾಯ, ಮೂರು ವಿತೌಟ್, ಒಂದು ಕಟ್ಟನ್" ಅಂತ ಹೇಳಿ ಸರಿಯಾದ ಕೈಗೆ ಸರಿಯಾದ ಗ್ಲಾಸು ಕೊಟ್ಟ ದಿನ ನಿಮ್ಮ ಹೆಸರು ಎಲ್ಲರಿಗೂ ಬರ್ತದೆ.

ಕಿವಿಯಕ್ಕ

ವಿತೌಟ್ ಮೂವರಿದ್ದಾರಲ್ಲ, ಅವರಲ್ಲಿ ಯಾರು ಬೆಳಿಗ್ಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬರ್ತಾರೆ ಅಂತ ತಿಳಿದಿರಿ. ಯಾವಾಗಲೂ ಮಾತಾಡುವವರು ಒಮ್ಮೆಲೇ ಸುಮ್ಮನಾಗಿ, ಬೆವರಿ, ಸುಮ್ಮಸುಮ್ಮನೆ ಸಿಡುಕಿದರೆ ಅದು ಸಿಟ್ಟಲ್ಲ, ಶುಗರ್ ಇಳಿದದ್ದು. ಎಚ್ಚರ ಇದ್ದು ನುಂಗಲಿಕ್ಕೆ ಆಗುವುದಾದರೆ ಮಾತ್ರ ನೀರಿನಲ್ಲಿ ಮೂರು ಚಮಚ ಸಕ್ಕರೆ, ಕೂರಿಸಿ, ಹದಿನೈದು ನಿಮಿಷ ನೋಡಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

ಕೂಡ್ಲು ಕ್ರಾಸ್

ಐದು ದಿನ ಬಿಟ್ಟು ಬರೀತಿದ್ದೇನೆ. ಭುಜ ನೋಡಿದೆ, ನಿಜಕ್ಕೂ ಮುಂದೆ ಇತ್ತು. ಗೇಟಿನ ಹತ್ತಿರ ಎರಡನೆಯವನಾಗಿ ದಾಟಿದ್ದು ಫಲಿಸಿತು, ಈಗ ಎರಡು ಸುತ್ತು ನಡುವೆ ಸಿಗ್ತದೆ. ನಗುವ ಮಾಷ್ಟ್ರಿಗೆ ಬೆಂಚಿನ ಹತ್ತಿರ ಎದುರು ನಿಂತು "ಅಡಿಕೆ ರೇಟು" ಅಂತ ಸುರು ಮಾಡಿದೆ. ಹಳೇ ಚಾಲಿ ಯಾಕೆ ಇಟ್ಟುಕೊಳ್ಳಬೇಕು, ಈಗಲೇ ಯಾಕೆ ಕೊಡಬಾರದು ಅಂತ ಚಾಯ ತಣಿಯುವವರೆಗೆ ಹೇಳಿದ್ರು. ಆರ್ಡರಿನಲ್ಲಿ ಮಾತ್ರ ಟೀಚರಿಗೆ ವಿತೌಟ್ ಕೊಟ್ಟು ಬೈಸಿಕೊಂಡೆ.

ಒಂದು ಸಂಶಯ ಬಾಕಿ. ಜೂನಿನಲ್ಲಿ ಮಳೆ ಹಿಡಿದರೆ ಗುಂಪು ಬಿಟ್ಟುಹೋಗ್ತದಾ?

ಪೆರ್ಲ ಘಾಟಿ

ಬಿಡುವುದಿಲ್ಲ, ಕೊಡೆ ಹಿಡಿದು ನಡೀತಾರೆ. ಕೊಡೆ ಇದ್ದಾಗ ಮೂವರ ಸಾಲು ಆಗುವುದಿಲ್ಲ, ಕಡ್ಡಿ ಕಣ್ಣಿಗೆ ತಾಗ್ತದೆ. ಇಬ್ಬಿಬ್ಬರ ಜೋಡಿಯಾಗ್ತದೆ. ಅಂಚು ಅಂತ ಇಲ್ಲವೇ ಇಲ್ಲ. ಹೊಸಬರಿಗೆ ಮಳೆಗಾಲವೇ ಲಾಯಕ್ಕು.

ಕಿವಿಯಕ್ಕ

ನಗುವ ಮಾಷ್ಟ್ರೊಟ್ಟಿಗೆ ಜೋಡಿ ಬೇಡ ಆಗ. ಕೊಡೆಯ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವರಿಗೆ ಒಂದಕ್ಷರ ಕೇಳುವುದಿಲ್ಲ.

ಹಾಜರಿ ಪುಸ್ತಕ

ನಾನು ಹೇಳುವುದಾದರೆ ಅವರೊಟ್ಟಿಗೇ ಹೋಗಿ. ಮಳೆಯಲ್ಲಿ ಅವರು ಹೇಳ್ತಾರೆ, ನೀವು ಕೇಳಿ.